ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್ ಮಾಕಪ್‌ಗಳ ಕೆಳಗೆ ಏನು ಬರೆಯಬೇಕು?

ಪ್ರಶ್ನೆ: ಸರ್, ನೀರು ಪರೀಕ್ಷೆ ಮಾಡುವ ಒಂದು ಲ್ಯಾಬ್‌ಗೆ ಹೊಸ ಲೋಗೋ ಮಾಡಿದ್ದೇನೆ. ಒಂದು ವೃತ್ತ, ಅದರೊಳಗೆ ನೀರಿನ ಮಟ್ಟದ ಗೆರೆ, ಅಷ್ಟೇ. ವಿಸಿಟಿಂಗ್ ಕಾರ್ಡ್ ಮತ್ತು ಲೆಟರ್‌ಹೆಡ್ ಮಾಕಪ್‌ಗಳಲ್ಲಿ ಅದನ್ನು ಕೂರಿಸಿದ್ದೇನೆ. ಚಿತ್ರಗಳ ಕೆಳಗೆ ವಿವರಣೆ ಬೇಕು. "ಆಧುನಿಕ, ಸರಳ ಮತ್ತು ಪ್ರೀಮಿಯಂ ಸ್ಟೇಷನರಿ, ಬ್ರ್ಯಾಂಡ್‌ನ ನಂಬಿಕೆ ಮತ್ತು ಶುದ್ಧತೆಯನ್ನು ಬಿಂಬಿಸುತ್ತದೆ" ಅಂತ ಬರೆದೆ. ಇದರಲ್ಲಿ ಏನೂ ಇಲ್ಲ ಅಂತ ಸೀನಿಯರ್ ವಾಪಸ್ ಕಳಿಸಿದರು. ಹಾಗಾದರೆ ಏನು ಬರೆಯಬೇಕು? ಫೈಲ್‌ಗಳನ್ನೂ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ:

ಫೈಲ್ ನೋಡಿದೆ. ಲೋಗೋ ಚೆನ್ನಾಗಿದೆ. ವೃತ್ತದೊಳಗಿನ ಗೆರೆ ವೃತ್ತದಲ್ಲೇ ನಿಲ್ಲದೆ ಬಲಕ್ಕೆ ಹರಿದು ಕಾರ್ಡಿನ ಅಂಚಿನವರೆಗೂ ಹೋಗುತ್ತದೆ. ಅದೇ ನಿಮ್ಮ ಇಡೀ ಕೆಲಸದ ಜೀವ. ಆದರೆ ನಿಮ್ಮ ವಿವರಣೆಯಲ್ಲಿ ಆ ಗೆರೆಯ ಮಾತೇ ಇಲ್ಲ. ಅಲ್ಲಿರುವ ವಾಕ್ಯವನ್ನು ಒಂದು ಬ್ಯಾಂಕಿನ ಕಾರ್ಡಿನ ಕೆಳಗೂ ಹಾಕಬಹುದು, ದಂತವೈದ್ಯರ ಕಾರ್ಡಿನ ಕೆಳಗೂ ಹಾಕಬಹುದು. ಸೀನಿಯರ್ ಹೇಳಿದ್ದು ಇದನ್ನೇ ಅನಿಸುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಚಿತ್ರವನ್ನು ಮುಚ್ಚಿ, ವಿವರಣೆಯನ್ನು ಮಾತ್ರ ಇನ್ನೊಬ್ಬ ಡಿಸೈನರ್‌ಗೆ ಓದಿ ಹೇಳಿ. ಅವರು ಅದನ್ನು ಕೇಳಿ ಒಂದು ಹಾಳೆಯ ಮೇಲೆ ಕಾರ್ಡನ್ನು ಹೆಚ್ಚು ಕಡಿಮೆ ಸರಿಯಾಗಿ ಬಿಡಿಸಿದರೆ ವಿವರಣೆ ಕೆಲಸ ಮಾಡಿದೆ ಅಂತ ಅರ್ಥ. "ಪ್ರೀಮಿಯಂ" ಅಂತ ಕೇಳಿದವರು ಏನು ಬಿಡಿಸುತ್ತಾರೆ? ಹತ್ತು ಜನ ಹತ್ತು ಥರ ಬಿಡಿಸುತ್ತಾರೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಮಾಕಪ್ ಚಿತ್ರದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು ನೀವು ಮಾಡಿದ ಡಿಸೈನ್. ಇನ್ನೊಂದು ಟೆಂಪ್ಲೇಟ್ ಮಾಡಿದವರು ಇಟ್ಟ ಅಲಂಕಾರ: ಕಿಟಕಿಯ ನೆರಳು, ಕಲ್ಲಿನ ಹಾಸು, ಪಕ್ಕದಲ್ಲಿ ಎಲೆ, ದಪ್ಪ ಕಾರ್ಡಿನ ಅಂಚು, ಕಾಗದದ ಒರಟು ಮೈ. ಲ್ಯಾಬ್‌ನವರಿಗೆ ಕೊನೆಗೆ ಸಿಗುವುದು ಮೊದಲನೆಯದು ಮಾತ್ರ. ನಿಮ್ಮ ವಿವರಣೆಯ ಕೆಲಸ ಇವೆರಡನ್ನೂ ಬೇರೆ ಮಾಡಿ ತೋರಿಸುವುದು. ಏನು ಅಚ್ಚಾಗಿ ಕೈಗೆ ಬರುತ್ತದೆ, ಏನು ಬರೀ ಚಿತ್ರದ ಬೆಳಕು ಅಂತ ಓದುವವರಿಗೆ ಅನುಮಾನ ಉಳಿಯಬಾರದು. ಇದನ್ನು ಬಿಟ್ಟರೆ ಮುಂದೆ ಜಗಳ ಖಂಡಿತ. ಕಾರ್ಡ್ ಅಚ್ಚಾಗಿ ಬಂದಾಗ "ಚಿತ್ರದಲ್ಲಿ ಹೀಗಿರಲಿಲ್ಲವಲ್ಲ" ಅಂತ ಕೇಳುತ್ತಾರೆ, ಅವರು ಕೇಳುವುದು ನ್ಯಾಯವೇ.

ಹಾಗಾಗಿ ಬರೆಯಲು ಕೂರುವ ಮೊದಲು ಮಾಕಪ್ಪನ್ನೇ ಒಮ್ಮೆ ತಪಾಸಣೆ ಮಾಡಬೇಕು. ಚಿತ್ರದಲ್ಲಿ ಸುಳ್ಳು ಇದ್ದರೆ ವಿವರಣೆಯಲ್ಲಿ ಸತ್ಯ ಬರೆದು ಪ್ರಯೋಜನವಿಲ್ಲ. ನಿಮ್ಮ ಫೈಲ್‌ನಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಕಾರ್ಡಿನಿಂದ ಶುರು ಮಾಡೋಣ. ನಿಮ್ಮ ಅಚ್ಚಿನ ಫೈಲ್ 85 × 55 ಮಿಲಿಮೀಟರ್. ನೀವು ಬಳಸಿದ ಟೆಂಪ್ಲೇಟ್ 3.5 × 2 ಇಂಚಿನ ಕಾರ್ಡಿನದು. ಎರಡೂ ಚಾಲ್ತಿಯಲ್ಲಿರುವ ಅಳತೆಗಳೇ, ಆದರೆ ಆಕಾರ ಒಂದೇ ಅಲ್ಲ. ಮೊದಲನೆಯದರಲ್ಲಿ ಅಗಲವು ಎತ್ತರದ ಸುಮಾರು 1.55 ಪಟ್ಟು, ಎರಡನೆಯದರಲ್ಲಿ 1.75 ಪಟ್ಟು. ಫೋಟೋಶಾಪ್‌ನಲ್ಲಿ ಟೆಂಪ್ಲೇಟಿನ ಸ್ಮಾರ್ಟ್ ಆಬ್ಜೆಕ್ಟ್, ಅಂದರೆ ಡಿಸೈನ್ ಕೂರಿಸುವ ಲೇಯರ್ ತೆರೆದು ನಿಮ್ಮ ಕಾರ್ಡನ್ನು ಒಳಗೆ ಹಾಕಿದಾಗ ಎರಡು ಬದಿಯಲ್ಲಿ ಖಾಲಿ ಜಾಗ ಉಳಿದಿರುತ್ತದೆ. ಅದನ್ನು ತುಂಬಿಸಲು ನೀವು ಅಡ್ಡಕ್ಕೆ ಎಳೆದಿದ್ದೀರಿ. ಎಳೆದದ್ದು ಸುಮಾರು ನೂರಕ್ಕೆ 13ರಷ್ಟು. ಅಂದರೆ 14 ಮಿ.ಮೀ. ವೃತ್ತ ಅಡ್ಡಕ್ಕೆ ಹೆಚ್ಚು ಕಡಿಮೆ 16 ಮಿ.ಮೀ. ಆಗಿ ಮೊಟ್ಟೆಯಾಕಾರ ಆಗಿದೆ.

ಇದು ನಿಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಅಂದರೆ ಆ ಮಾಕಪ್‌ನಲ್ಲಿ ಕಾರ್ಡ್ ಓರೆಯಾಗಿ ಮಲಗಿದೆ. ಓರೆಯಾಗಿ ನೋಡಿದಾಗ ಸರಿಯಾದ ವೃತ್ತವೂ ಅಂಡಾಕಾರವಾಗಿಯೇ ಕಾಣುತ್ತದೆ, ಹಾಗಾಗಿ ಎಳೆದದ್ದು ಎಷ್ಟು, ಓರೆಯಿಂದ ಬಂದದ್ದು ಎಷ್ಟು ಅಂತ ಅಂದಾಜು ಸಿಗುವುದಿಲ್ಲ. ಪತ್ತೆ ಮಾಡುವ ದಾರಿ ಒಂದೇ: ಸ್ಮಾರ್ಟ್ ಆಬ್ಜೆಕ್ಟ್ ಒಳಗೆ ಹೋಗಿ, ಚಪ್ಪಟೆ ಚಿತ್ರದಲ್ಲಿ ವೃತ್ತದ ಅಗಲ ಮತ್ತು ಎತ್ತರ ಅಳೆಯಿರಿ. ಎರಡೂ ಒಂದೇ ಇರಬೇಕು. ಕೆಲವರು ಎಳೆಯುವ ಬದಲು ಎರಡೂ ಬದಿ ತುಂಬುವವರೆಗೆ ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸುತ್ತಾರೆ. ಅದೂ ಸರಿಯಲ್ಲ. ಆಗ 55 ಮಿ.ಮೀ. ಎತ್ತರದಲ್ಲಿ ಆರು ಮಿ.ಮೀ.ಗಿಂತ ಜಾಸ್ತಿ ಹೋಗುತ್ತದೆ. ನೀವು ಮೇಲುಗಡೆ ಬಿಟ್ಟ 6 ಮಿ.ಮೀ. ಜಾಗ 3ಕ್ಕೂ ಕಡಿಮೆ ಆಗುತ್ತದೆ, ಉಸಿರಾಡಲು ಜಾಗ ಇದ್ದ ಕಾರ್ಡ್ ಇಕ್ಕಟ್ಟಾಗಿ ಕಾಣುತ್ತದೆ. 85 × 55 ಅಳತೆಯ ಟೆಂಪ್ಲೇಟನ್ನೇ ಹುಡುಕಿ ಮತ್ತೆ ಮಾಡಿ. ಬೇರೆ ದಾರಿ ಇಲ್ಲ.

ಎರಡನೆಯದು ಅಂಚು. ನಿಮ್ಮ ಮಾಕಪ್‌ನಲ್ಲಿ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದಾರೆ, ಅಂಚುಗಳೆಲ್ಲ ನೀಲಿ-ಹಸಿರು. ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಅದು ಟೆಂಪ್ಲೇಟಿನ ಒಂದು ಲೇಯರ್, ನೀವು ಬಣ್ಣ ಬದಲಿಸಿದಾಗ ಅದೂ ಬದಲಾಗಿದೆ. ನಿಜವಾದ ಕಾರ್ಡನ್ನು ಅಚ್ಚಾದ ಮೇಲೆ ಕತ್ತರಿಸುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಕಾಗದದ ಬಿಳಿಯೇ ಕಾಣುತ್ತದೆ. ಅಂಚಿಗೆ ಬಣ್ಣ ಬೇಕಾದರೆ ಅದು ಬೇರೆಯೇ ಕೆಲಸ. ಕತ್ತರಿಸಿದ ಕಾರ್ಡುಗಳ ಕಟ್ಟನ್ನು ಒತ್ತಿ ಹಿಡಿದು ಅಂಚಿಗೆ ಬಣ್ಣ ಹಾಕಬೇಕು, ಅದಕ್ಕೆ ಬೇರೆ ಖರ್ಚು. ಲ್ಯಾಬ್‌ನವರು ಅದಕ್ಕೆ ಒಪ್ಪಿದ್ದಾರಾ? ಒಪ್ಪಿದ್ದರೆ ವಿವರಣೆಯಲ್ಲಿ ಬರೆಯಿರಿ. ಇಲ್ಲದಿದ್ದರೆ ಆ ಲೇಯರನ್ನು ಬಿಳಿ ಮಾಡಿ. ಕಾರ್ಡಿನ ದಪ್ಪವನ್ನೂ ನೋಡಿ. 350 ಜಿಎಸ್‌ಎಂ ಕಾಗದದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ನಿಮ್ಮ ಚಿತ್ರದಲ್ಲಿ ಅದು ಅದರ ಎರಡು ಮೂರು ಪಟ್ಟು ಇದೆ. ಇಂಥ ದಪ್ಪ ತೋರಿಸಿ ಕೊನೆಗೆ ಮಾಮೂಲಿ ಕಾರ್ಡ್ ಕೈಗೆ ಕೊಟ್ಟರೆ, ಅದು ಒಳ್ಳೆಯ ಕಾಗದವೇ ಆಗಿದ್ದರೂ, ತೆಗೆದುಕೊಂಡವರಿಗೆ ತೆಳು ಅನಿಸುತ್ತದೆ.

ಈಗ ಗೆರೆಯ ವಿಷಯ. ಮುಂಬದಿಯಲ್ಲಿ ಬಲ ಅಂಚಿಗೆ ಹೋದ ಗೆರೆ ಹಿಂಬದಿಯಲ್ಲಿ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ಪುಟ ತಿರುಗಿಸಿದ ಹಾಗೆ ಕಾರ್ಡ್ ತಿರುಗಿಸಿದರೆ ನೀರಿನ ಮಟ್ಟ ಕಾರ್ಡನ್ನು ಸುತ್ತಿಕೊಂಡು ಬಂದ ಹಾಗೆ ಅನಿಸುತ್ತದೆ. ನಿಜವಾಗಿಯೂ ಒಳ್ಳೆಯ ಯೋಚನೆ. ಇದನ್ನು ವಿವರಣೆಯಲ್ಲಿ ಮೊದಲು ಹೇಳಬೇಕು, ಯಾಕೆಂದರೆ ಇಷ್ಟು ಚಂದದ ವಿಷಯ ಸ್ಥಿರ ಚಿತ್ರದಲ್ಲಿ ಕಾಣುವುದೇ ಇಲ್ಲ, ಮುಂಬದಿ ಒಂದು ಕಡೆ ಹಿಂಬದಿ ಒಂದು ಕಡೆ ಬಿದ್ದಿರುತ್ತದೆ ಅಷ್ಟೇ. ಆದರೆ ಮಾತನ್ನು ಅಳೆದು ಆಡಿ. ಮುಂಬದಿ ಹಿಂಬದಿ ಬೇರೆ ಬೇರೆಯಾಗಿ ಅಚ್ಚಾಗುತ್ತವೆ, ಆಮೇಲೆ ಕತ್ತರಿಸುತ್ತಾರೆ. ಎರಡು ಬದಿಗಳ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಜರುಗುವುದು ಮಾಮೂಲು. ನಿಮ್ಮ ಗೆರೆಯ ದಪ್ಪವೇ ಅರ್ಧ ಮಿ.ಮೀ. ಅಂದರೆ ಕೆಲವು ಕಾರ್ಡುಗಳಲ್ಲಿ ಎರಡು ಗೆರೆಗಳು ಅಂಚಿನಲ್ಲಿ ಕೂಡುವುದೇ ಇಲ್ಲ. "ಗೆರೆ ಅಂಚಿನಲ್ಲಿ ಒಂದಾಗಿ ಸೇರುತ್ತದೆ" ಅಂತ ಬರೆದರೆ ಮುದ್ರಕರ ಮೇಲೆ ಅಸಾಧ್ಯದ ಹೊರೆ ಹೊರಿಸಿದಂತೆ. "ಹಿಂಬದಿಯಲ್ಲಿ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ" ಅಂದರೆ ಸಾಕು, ಅದು ನಿಜ, ಮತ್ತು ಸ್ವಲ್ಪ ಜರುಗಿದರೂ ನಿಜವಾಗಿಯೇ ಉಳಿಯುತ್ತದೆ. ನನ್ನ ಸಲಹೆ ಕೇಳಿದರೆ ಹಿಂಬದಿಯ ಗೆರೆಯನ್ನು ಒಂದೂವರೆ ಮಿ.ಮೀ. ದಪ್ಪ ಮಾಡಿ. ತೆಳು ಗೆರೆ ಬಂದು ದಪ್ಪ ಗೆರೆಗೆ ತಾಗುವಾಗ ಸಣ್ಣ ಜರುಗುವಿಕೆ ಕಣ್ಣಿಗೆ ಬೀಳುವುದಿಲ್ಲ.

ಬಣ್ಣದ ಬಗ್ಗೆ ನೀವು "ನೀರಿನ ತಾಜಾತನದ ನೀಲಿ-ಹಸಿರು" ಅಂತ ಬರೆದಿದ್ದೀರಿ. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಕಾಗದ ಇಂಕಿನಿಂದ. ನೀಲಿ-ಹಸಿರು ಗುಂಪಿನ ಹೊಳೆಯುವ ಬಣ್ಣಗಳೇ ಈ ದಾಟುವಿಕೆಯಲ್ಲಿ ಜಾಸ್ತಿ ಸೋಲುತ್ತವೆ. ಸ್ಕ್ರೀನಿನಲ್ಲಿ ಮಿಂಚುವ ಆ ಛಾಯೆ ಸಿಎಂವೈಕೆ ನಾಲ್ಕು ಇಂಕಿನಲ್ಲಿ ಸಿಗುವುದೇ ಇಲ್ಲ, ಮಂಕಾಗುತ್ತದೆ. ಜೊತೆಗೆ ನೀವು ಆರಿಸಿದ್ದು ಕೋಟಿಂಗ್ ಇಲ್ಲದ ಕಾಗದ. ಅದು ಇಂಕನ್ನು ಹೀರುತ್ತದೆ. ಪ್ಯಾಂಟೋನ್ ಪುಸ್ತಕದಲ್ಲಿ ಒಂದೇ ಸಂಖ್ಯೆಯ ಬಣ್ಣಕ್ಕೆ ಕೊನೆಯಲ್ಲಿ ಸಿ ಮತ್ತು ಯು ಅಂತ ಎರಡು ಮಾದರಿ ಇರುವುದು ಇದಕ್ಕೇ. ಇಂಕು ಒಂದೇ, ಕೋಟಿಂಗ್ ಇರುವ ಕಾಗದದ ಮೇಲೆ ಹೇಗೆ ಕಾಣುತ್ತದೆ, ಇಲ್ಲದ ಕಾಗದದ ಮೇಲೆ ಹೇಗೆ ಕಾಣುತ್ತದೆ ಅಂತ ಎರಡು ಕಡೆ ತೋರಿಸುತ್ತಾರೆ. ಕೆಲವು ಬಣ್ಣಗಳಲ್ಲಿ ಇವೆರಡೂ ಬೇರೆ ಬಣ್ಣಗಳೇನೋ ಅನ್ನುವಷ್ಟು ವ್ಯತ್ಯಾಸ ಇರುತ್ತದೆ. ಆದ್ದರಿಂದ ಮಾಕಪ್ ಮಾಡುವಾಗಲೇ ಯು ಮಾದರಿಯನ್ನು ನೋಡಿ ಅದಕ್ಕೆ ಹತ್ತಿರದ ಮಂಕು ಬಣ್ಣ ಹಾಕಿ. ಚಿತ್ರ ಸ್ವಲ್ಪ ಕಡಿಮೆ ಮಿಂಚುತ್ತದೆ, ಆದರೆ ಸತ್ಯ ಹೇಳುತ್ತದೆ. ನಾಲ್ಕು ಇಂಕಿನ ಬದಲು ಮೊದಲೇ ಕಲಸಿದ ಒಂದೇ ಬಣ್ಣದ ಇಂಕಿಗೆ ಸ್ಪಾಟ್ ಇಂಕ್ ಅನ್ನುತ್ತಾರೆ. ವಿವರಣೆಯಲ್ಲಿ "ಒಂದು ಸ್ಪಾಟ್ ಇಂಕ್, ಕೋಟಿಂಗ್ ಇಲ್ಲದ ಕಾಗದದ ಮೇಲೆ" ಅಂತ ಬರೆದರೆ ತಿಳಿದವರಿಗೆ ಎಲ್ಲವೂ ಗೊತ್ತಾಗುತ್ತದೆ. ತಿಳಿಯದವರಿಗೆ "ಅಚ್ಚಿನಲ್ಲಿ ಬಣ್ಣ ಸ್ಕ್ರೀನಿಗಿಂತ ಸ್ವಲ್ಪ ಮಂಕು" ಅಂತ ಒಂದು ಸಾಲು ಸೇರಿಸಿ.

ಕಾರ್ಡಿನ ಸಣ್ಣ ಅಕ್ಷರಗಳನ್ನು ಅದೇ ಬಣ್ಣದಲ್ಲಿ ಇಟ್ಟಿದ್ದೀರಿ, 7.5 ಪಾಯಿಂಟ್. ಒಂದೇ ಸ್ಪಾಟ್ ಇಂಕಿನಲ್ಲಿ ಅಚ್ಚಾದರೆ ತೊಂದರೆ ಇಲ್ಲ. ಖರ್ಚು ಉಳಿಸಲು ಯಾರಾದರೂ ಅದನ್ನೇ ನಾಲ್ಕು ಇಂಕಿಗೆ ಬದಲಿಸಿದರೆ, ನಾಲ್ಕೂ ಇಂಕುಗಳು ಕೂದಲೆಳೆಯಷ್ಟು ಆಚೀಚೆ ಬಿದ್ದರೂ ಸಣ್ಣ ಅಕ್ಷರದ ಅಂಚು ಮಸುಕಾಗುತ್ತದೆ. ಆಗ ಸಣ್ಣ ಅಕ್ಷರಗಳನ್ನು ಕಪ್ಪಿಗೆ ತನ್ನಿ.

ಇನ್ನು ಲೆಟರ್‌ಹೆಡ್. ಇದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ಕಾರ್ಡ್ ಒಮ್ಮೆ ಅಚ್ಚಾದರೆ ಮುಗಿಯಿತು. ಲೆಟರ್‌ಹೆಡ್ ಅರ್ಧ ಮಾಡಿದ ಕೆಲಸ. ಅದರ ಮೇಲೆ ಬೇರೆಯವರು ಪತ್ರ ಟೈಪ್ ಮಾಡುತ್ತಾರೆ, ಪ್ರಿಂಟರ್‌ನೊಳಗೆ ಇನ್ನೊಮ್ಮೆ ಹಾಯಿಸುತ್ತಾರೆ, ಮಡಿಸುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ನಿಮ್ಮ ಮಾಕಪ್‌ನಲ್ಲಿ ಹಾಳೆ ಖಾಲಿ ಇದೆ. ಮೇಲೆ ಲೋಗೋ, ಕೆಳಗೆ ವಿಳಾಸ, ನಡುವೆ ಬಿಳಿ. ಖಾಲಿ ಹಾಳೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಒಂದು ನಿಜವಾದ ಪತ್ರ ಹಾಕಿ. ಸುಮ್ನೆ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬುವ ಬದಲು ಲ್ಯಾಬ್ ನಿಜಕ್ಕೂ ಕಳಿಸುವಂಥದ್ದು: ಸ್ವೀಕರಿಸುವವರ ವಿಳಾಸ, ದಿನಾಂಕ, ವಿಷಯ, ಎರಡು ಪ್ಯಾರಾ, ಪಿಎಚ್ ಮತ್ತು ಗಡಸುತನ ತೋರಿಸುವ ಒಂದು ಸಣ್ಣ ಕೋಷ್ಟಕ, ಸಹಿಗೆ ಜಾಗ. ಆಗ ಮಾತ್ರ ಎಡ ಅಂಚು ಲೋಗೋ ಜೊತೆ ಸಾಲಾಗಿ ನಿಲ್ಲುತ್ತದಾ, ಕೋಷ್ಟಕದ ಗೆರೆಗಳು ನಿಮ್ಮ ನೀರಿನ ಗೆರೆಯ ಜೊತೆ ಜಗಳ ಆಡುತ್ತವಾ ಅನ್ನುವುದು ಕಾಣುತ್ತದೆ. ನನಗೆ ಆ ಭಯ ಇದೆ. ಕೋಷ್ಟಕದ ಗೆರೆಗಳು ಕಪ್ಪು ಮತ್ತು ತೆಳು ಇರಲಿ, ನೀರಿನ ಗೆರೆಯೊಂದೇ ಬಣ್ಣದಲ್ಲಿ ಇರಲಿ ಅಂತ ನಿಯಮ ಮಾಡಿ, ಅದನ್ನು ವಿವರಣೆಯಲ್ಲೂ ಹೇಳಿ. ಹೊಸ ಗುರುತು ಲೋಗೋ ಆಚೆಗೂ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಲೆಟರ್‌ಹೆಡ್‌ನಲ್ಲಿ ನೀವು ಎರಡನೆಯ ಗೆರೆಯೊಂದನ್ನು ಇಟ್ಟಿದ್ದೀರಿ, ಮೇಲಿನಿಂದ 99 ಮಿ.ಮೀ. ದೂರದಲ್ಲಿ. ಎ4 ಹಾಳೆ 210 × 297, ಮೂರು ಮಡಿಕೆ ಮಾಡಿದರೆ ಒಂದೊಂದು ಭಾಗ 99, ಅದು 110 × 220 ಅಳತೆಯ ಡಿಎಲ್ ಕವರ್‌ನೊಳಗೆ ಕೂರುತ್ತದೆ. ಲೆಕ್ಕ ಸರಿ. "ಗೆರೆಯೇ ಮಡಿಕೆಯ ಗುರುತು" ಅಂತ ಟಿಪ್ಪಣಿ ಕೂಡ ಹಾಕಿದ್ದೀರಿ. ಆದರೆ ಕೈಯಲ್ಲಿ ಮಡಿಸುವವರು ಒಂದೆರಡು ಮಿಲಿಮೀಟರ್ ಆಚೀಚೆ ಮಡಿಸುತ್ತಾರೆ. ಆಗ ಮಡಿಕೆಯ ಪಕ್ಕದಲ್ಲಿ, ಅದಕ್ಕೆ ಸಮಾಂತರವಾಗಿ, ಒಂದು ಗೆರೆ ಕಾಣುತ್ತದೆ, ಪ್ರತಿ ಪತ್ರವೂ ತಪ್ಪಾಗಿ ಮಡಿಸಿದ ಹಾಗೆ. ಸರಿಯಾಗಿ ಮಡಿಕೆಯ ಮೇಲೇ ಬಿದ್ದರೂ ಅಲ್ಲಿನ ಇಂಕು ಒಡೆಯುತ್ತದೆ. ಮಡಿಕೆಗೆ ಗುರುತು ಬೇಕೇ ಬೇಕು ಅಂದರೆ ಎಡ ಅಂಚಿನಲ್ಲಿ ಐದು ಮಿ.ಮೀ. ಉದ್ದದ ಸಣ್ಣ ಗೀಟು ಸಾಕು. ಜರ್ಮನಿಯ ಡಿಐಎನ್ 5008 ಪತ್ರ ಮಾದರಿಯಲ್ಲಿ ಹೀಗೇ ಮಾಡುತ್ತಾರೆ, ಅಲ್ಲಿ ಒಂದು ನಮೂನೆಗೆ 87 ಮತ್ತು 192 ಮಿ.ಮೀ.ನಲ್ಲಿ, ಇನ್ನೊಂದಕ್ಕೆ 105 ಮತ್ತು 210 ಮಿ.ಮೀ.ನಲ್ಲಿ ಮಡಿಕೆ ಗುರುತು ಬರುತ್ತದೆ. ನಿಮ್ಮ ಉದ್ದ ಗೆರೆಯನ್ನು ತೆಗೆದುಬಿಡಿ. ಮೇಲಿನ ಗೆರೆ ಒಂದೇ ಇದ್ದಾಗ ಅದರ ಬಲ ಜಾಸ್ತಿ.

ಆ ಮೇಲಿನ ಗೆರೆ ಹಾಳೆಯ ಬಲ ಅಂಚಿನವರೆಗೂ ಹೋಗುತ್ತದೆ ಅಲ್ವಾ? ಇಲ್ಲಿ ಲ್ಯಾಬ್‌ನವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಲೆಟರ್‌ಹೆಡ್ ಮೊದಲೇ ಅಚ್ಚು ಹಾಕಿಸಿ ಇಟ್ಟುಕೊಳ್ಳುತ್ತೀರಾ, ಅಥವಾ ವರ್ಡ್ ಫೈಲ್‌ನಿಂದ ನಿಮ್ಮ ಪ್ರಿಂಟರ್‌ನಲ್ಲೇ ತೆಗೆಯುತ್ತೀರಾ? ಮೊದಲೇ ಅಚ್ಚು ಹಾಕಿಸಿದರೆ 3 ಮಿ.ಮೀ. ಬ್ಲೀಡ್ ಕೊಟ್ಟು ಗೆರೆಯನ್ನು ಅಂಚಿನಾಚೆಗೂ ಬಿಡಬಹುದು, ಕತ್ತರಿಸಿದಾಗ ಸರಿಯಾಗಿ ಅಂಚಿಗೆ ಬರುತ್ತದೆ. ಆಫೀಸ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಹಾಳೆಯ ಸುತ್ತ ನಾಲ್ಕೈದು ಮಿ.ಮೀ. ಅಚ್ಚು ಮಾಡುವುದಿಲ್ಲ. ಅಲ್ಲಿ ಗೆರೆ ಅಂಚಿಗೆ ಸ್ವಲ್ಪ ಮೊದಲೇ ಕತ್ತರಿಸಿ ನಿಲ್ಲುತ್ತದೆ, ನೋಡಿದವರಿಗೆ ಪ್ರಿಂಟರ್ ಕೆಟ್ಟಿದೆ ಅನಿಸುತ್ತದೆ. ಹಾಗಾಗಿ ವರ್ಡ್ ಫೈಲ್‌ನಲ್ಲಿ ಗೆರೆಯನ್ನು ಬೇಕೆಂದೇ ಪತ್ರದ ಅಕ್ಷರಗಳು ಮುಗಿಯುವ ಬಲ ಅಂಚಿಗೆ, ಅಂದರೆ ಹಾಳೆಯ ತುದಿಯಿಂದ 20 ಮಿ.ಮೀ. ಒಳಗೆ ನಿಲ್ಲಿಸಿ. ಎರಡು ರೂಪಗಳೂ ಇವೆ ಅಂತ ವಿವರಣೆಯಲ್ಲಿ ಹೇಳಿ, ಸಾಧ್ಯವಾದರೆ ಎರಡನ್ನೂ ತೋರಿಸಿ.

ಮೊದಲೇ ಅಚ್ಚು ಹಾಕಿಸುವುದಾದರೆ ಇನ್ನೂ ಒಂದು ಮಾತು. ಆ ಹಾಳೆ ಮತ್ತೆ ಲೇಸರ್ ಪ್ರಿಂಟರ್‌ಗೆ ಹೋಗುತ್ತದೆ. ಟೋನರನ್ನು ಕಾಗದಕ್ಕೆ ಕೂರಿಸುವ ಬಿಸಿ ರೋಲರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ನಿಮ್ಮ ಲೆಟರ್‌ಹೆಡ್ ಮಾಕಪ್‌ನಲ್ಲಿ ಲೋಗೋ ಬೆಳ್ಳಿ ಫಾಯಿಲ್ ಥರ ಮಿನುಗುತ್ತಿದೆ. ಫಾಯಿಲ್, ಉಬ್ಬು ಇಂಕಿನ ಥರ್ಮೋಗ್ರಫಿ ಎರಡೂ ಈ ಬಿಸಿಗೆ ಮೆದುವಾಗಬಹುದು. ರೋಲರ್‌ಗೆ ಅಂಟಿ ಮುಂದಿನ ಹಾಳೆಯ ಮೇಲೆ ಕಲೆ ಬೀಳಬಹುದು. ಲೇಸರ್ ತಡೆಯುವ ಫಾಯಿಲ್‌ಗಳು ಸಿಗುತ್ತವೆ, ಆದರೆ ಮುದ್ರಕರ ಹತ್ತಿರ ಮೊದಲೇ ಕೇಳಿ, ಒಂದು ಹಾಳೆ ಹಾಯಿಸಿ ನೋಡಿಯೇ ಮುಂದುವರಿಯಬೇಕು. ನೀವು ಕೇಳಿಲ್ಲ ಅಂತ ಗೊತ್ತಾಗುತ್ತದೆ, ಯಾಕೆಂದರೆ ಅಚ್ಚಿನ ಫೈಲ್‌ನಲ್ಲಿ ಫಾಯಿಲ್‌ಗೆ ಬೇರೆ ಲೇಯರೇ ಇಲ್ಲ. ಅಂದರೆ ಅದು ಬರೀ ಟೆಂಪ್ಲೇಟಿನ ಎಫೆಕ್ಟ್. ಅದನ್ನು ಆಫ್ ಮಾಡಿಬಿಡಿ. ಕಾರ್ಡಿನಲ್ಲಿ ಬೇಕಿದ್ದರೆ ಫಾಯಿಲ್ ಯೋಚಿಸಬಹುದು, ಕಾರ್ಡ್ ಯಾವ ಪ್ರಿಂಟರ್‌ಗೂ ಮತ್ತೆ ಹೋಗುವುದಿಲ್ಲ.

ಹಾಳೆಯ ನಡುವೆ ದೊಡ್ಡ ವೃತ್ತವನ್ನು ತಿಳಿಯಾಗಿ ವಾಟರ್‌ಮಾರ್ಕ್ ಥರ ಇಟ್ಟದ್ದನ್ನೂ ತೆಗೆಯಿರಿ ಅಂತ ಹೇಳುತ್ತೇನೆ. ಲ್ಯಾಬಿನ ವರದಿಗಳನ್ನು ಜನ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ. ತಿಳಿ ಬಣ್ಣ ಆಗ ಒಂದೋ ಮಾಯವಾಗುತ್ತದೆ, ಇಲ್ಲವೇ ಚುಕ್ಕಿ ಚುಕ್ಕಿಯಾಗಿ ಅಂಕಿಗಳ ಹಿಂದೆ ಕೊಳೆಯ ಹಾಗೆ ಉಳಿಯುತ್ತದೆ. ಅಂಕಿ ತಪ್ಪಾಗಿ ಓದಿಕೊಳ್ಳುವ ಸಾಧ್ಯತೆ ಇರುವ ಕಡೆ ಅಲಂಕಾರ ಬೇಡ.

ಎರಡೂ ಒಟ್ಟಿಗೆ ಇರುವ ಚಿತ್ರದಲ್ಲಿ ಅಳತೆಯ ಸಂಬಂಧ ಕೂಡ ತಪ್ಪಿದೆ. ಕಾರ್ಡಿನ ಅಗಲ 85, ಹಾಳೆಯದು 210. ಮೇಲಿನಿಂದ ನೇರವಾಗಿ ತೆಗೆದ ಚಿತ್ರದಲ್ಲಿ ಕಾರ್ಡ್ ಹಾಳೆಯ ಅಗಲದ ಶೇಕಡ 40ರಷ್ಟು ಇರಬೇಕು. ನಿಮ್ಮದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ. ಕಾರ್ಡಿನ ಅಕ್ಷರ ಕಾಣಲಿ ಅಂತ ದೊಡ್ಡದು ಮಾಡಿದ್ದೀರಿ ಅನಿಸುತ್ತದೆ. ಹಾಗೆ ಮಾಡಿದರೆ 7.5 ಪಾಯಿಂಟ್ ಅಕ್ಷರ ಎಷ್ಟು ಸಣ್ಣದು ಅನ್ನುವುದು ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಅಕ್ಷರ ಕಾಣಬೇಕಾದರೆ ಕಾರ್ಡನ್ನು ಮಾತ್ರ ಹತ್ತಿರದಿಂದ ತೋರಿಸುವ ಇನ್ನೊಂದು ಚಿತ್ರ ಹಾಕಿ. ನಿಜವಾದ ಅಳತೆ ಗೊತ್ತಾಗಲು ಆಫೀಸ್ ಪ್ರಿಂಟರ್‌ನಲ್ಲೇ ನೂರಕ್ಕೆ ನೂರು ಅಳತೆಯಲ್ಲಿ ಒಂದು ಪ್ರತಿ ತೆಗೆದು, ಕತ್ತರಿಸಿ, ಪ್ರೆಸೆಂಟೇಶನ್ ದಿನ ಕೈಗೆ ಕೊಡಿ.

ಈಗ ಬರೆಯುವುದು. ಮೇಲೆ ಹೇಳಿದ ಬದಲಾವಣೆಗಳನ್ನೆಲ್ಲ ಮಾಡಿದ್ದೀರಿ ಅಂತ ಇಟ್ಟುಕೊಂಡು ನಾನು ಬರೆದರೆ ಹೇಗಿರುತ್ತದೆ ನೋಡಿ. ಮೊದಲು ಕಾರ್ಡ್:

"ವಿಸಿಟಿಂಗ್ ಕಾರ್ಡ್, 85 × 55 ಮಿ.ಮೀ., ಎರಡು ಬದಿ. ಲೋಗೋದಲ್ಲಿರುವ ನೀರಿನ ಮಟ್ಟದ ಗೆರೆ ವೃತ್ತದಿಂದ ಹೊರಗೆ ಹರಿದು ಕಾರ್ಡಿನ ಬಲ ಅಂಚು ಮುಟ್ಟುತ್ತದೆ, ಹಿಂಬದಿಯಲ್ಲಿ ಅದೇ ಎತ್ತರದಲ್ಲಿ ಮುಂದುವರಿಯುತ್ತದೆ. ವೃತ್ತ 14 ಮಿ.ಮೀ., ಎಡ ಮೇಲ್ಮೂಲೆಯಲ್ಲಿ, ಎರಡು ಅಂಚಿನಿಂದಲೂ 6 ಮಿ.ಮೀ. ಒಳಗೆ. ಹೆಸರು, ಹುದ್ದೆ, ಫೋನ್ ಎಲ್ಲವೂ ಗೆರೆಯ ಕೆಳಗೆ, ಮೇಲೆ ಲೋಗೋ ಬಿಟ್ಟು ಏನೂ ಇಲ್ಲ. ಹಿಂಬದಿ ಪೂರ್ತಿ ನೀಲಿ-ಹಸಿರು, ಗೆರೆ ಬಿಳಿ. ಒಂದೇ ಸ್ಪಾಟ್ ಇಂಕ್, 350 ಜಿಎಸ್‌ಎಂ ಕೋಟಿಂಗ್ ಇಲ್ಲದ ಬಿಳಿ ಕಾಗದ. ಅಚ್ಚಿನಲ್ಲಿ ಬಣ್ಣ ಸ್ಕ್ರೀನಿಗಿಂತ ಸ್ವಲ್ಪ ಮಂಕು. ನೆರಳು, ಹಿನ್ನೆಲೆ ಚಿತ್ರಕ್ಕೆ ಮಾತ್ರ."

ಲೆಟರ್‌ಹೆಡ್‌ಗೆ:

"ಲೆಟರ್‌ಹೆಡ್, ಎ4, 100 ಜಿಎಸ್‌ಎಂ, ಕಾರ್ಡಿನದ್ದೇ ಜಾತಿಯ ಕಾಗದ, ಹಾಗಾಗಿ ಎರಡರ ಬಿಳಿಯೂ ಒಂದೇ. 18 ಮಿ.ಮೀ. ವೃತ್ತ ಎಡಗಡೆ ಮೇಲೆ. ಪತ್ರದ ಅಕ್ಷರಗಳು ವೃತ್ತದ ಎಡ ಅಂಚಿಗೆ ಸಾಲಾಗಿ ಶುರುವಾಗುತ್ತವೆ. ನೀರಿನ ಗೆರೆ ಹಾಳೆಯ ಬಲ ಅಂಚಿನವರೆಗೆ, ವರ್ಡ್ ರೂಪದಲ್ಲಿ 20 ಮಿ.ಮೀ. ಒಳಗೆ ನಿಲ್ಲುತ್ತದೆ. ಪುಟದಲ್ಲಿ ಬಣ್ಣದ ಗೆರೆ ಇದೊಂದೇ, ವರದಿಯ ಕೋಷ್ಟಕಗಳೆಲ್ಲ ಕಪ್ಪು ತೆಳು ಗೆರೆಯಲ್ಲಿ. ಎರಡನೆಯ ಪುಟದಲ್ಲಿ ವೃತ್ತವಿಲ್ಲ, ಗೆರೆ ಮಾತ್ರ. ಫಾಯಿಲ್, ಉಬ್ಬು ಅಚ್ಚು ಯಾವುದೂ ಇಲ್ಲ, ಲೇಸರ್ ಪ್ರಿಂಟರ್‌ನಲ್ಲಿ ಹಾಯಿಸಬಹುದು. ಚಿತ್ರದಲ್ಲಿರುವುದು ಮಾದರಿ ಪತ್ರ."

ಗಮನಿಸಿ, ಇದರಲ್ಲಿ ನಂಬಿಕೆ, ಶುದ್ಧತೆ ಅನ್ನುವ ಮಾತೇ ಇಲ್ಲ. ಗೆರೆಯ ಮೇಲೆ ಲೋಗೋ ಬಿಟ್ಟು ಏನೂ ಇಲ್ಲ ಅಂತ ಓದಿದಾಗ ಕಾರ್ಡಿನ ಮೇಲ್ಭಾಗ ಶುಭ್ರವಾಗಿದೆ ಅಂತ ಓದುವವರಿಗೇ ಹೊಳೆಯುತ್ತದೆ. ಒಂದು ಕಾರಣ ಹೇಳಲೇಬೇಕು ಅನಿಸಿದರೆ ಹೇಳಿ, ಆದರೆ ಕಣ್ಣಿಗೆ ಕಾಣುವ ಒಂದು ವಿವರಕ್ಕೆ ಕಟ್ಟಿ ಹೇಳಿ. "ಎರಡನೆಯ ಪುಟದಲ್ಲಿ ಗೆರೆ ಮಾತ್ರ ಇದೆ, ಲೋಗೋ ಇಲ್ಲದೆಯೂ ಇದು ಯಾರ ಪತ್ರ ಅಂತ ಗೊತ್ತಾಗಲಿ ಅಂತ" ಅನ್ನುವುದು ಒಳ್ಳೆಯ ವಾಕ್ಯ. ಅದು ಸರಿಯೋ ತಪ್ಪೋ ಅಂತ ಓದುವವರು ಚಿತ್ರ ನೋಡಿ ತೀರ್ಮಾನಿಸಬಹುದು.

ಮೊದಲಿದ್ದ ಕಾರ್ಡಿನ ಜೊತೆ ಹೋಲಿಕೆ ಹಾಕುವುದಾದರೆ ಅದಕ್ಕೂ ಇದೇ ನಿಯಮ. "ಹಳೆಯದು ಹಳತಾಗಿತ್ತು" ಅಂದರೆ ಏನೂ ಹೇಳಿದಂತಲ್ಲ. ಹಳೆಯ ಕಾರ್ಡಿನಲ್ಲಿ ಎಷ್ಟು ಫಾಂಟ್ ಇತ್ತು, ಫೋನ್ ನಂಬರ್ ಎಲ್ಲಿ ಹುದುಗಿತ್ತು, ಲೋಗೋ ಸಣ್ಣದಾದಾಗ ಯಾವ ಭಾಗ ಮುಚ್ಚಿಹೋಗುತ್ತಿತ್ತು ಅಂತ ಹೇಳಿ.

ಇದನ್ನೆಲ್ಲ ವೆಬ್ ಪುಟದಲ್ಲಿ ಹಾಕುವಾಗ ಆಲ್ಟ್ ಟೆಕ್ಸ್ಟ್ ಬೇರೆ ಬರೆಯಬೇಕು, ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ಸಾಲು ಅದು. ಕೆಳಗಿನ ವಿವರಣೆಯನ್ನೇ ಅಲ್ಲೂ ಅಂಟಿಸಬೇಡಿ, ಕೇಳುವವರಿಗೆ ಒಂದೇ ವಿಷಯ ಎರಡು ಸಲ ಬರುತ್ತದೆ. ಕಾಗದ, ಇಂಕು ಕೆಳಗೆ ಇದ್ದೇ ಇದೆ. ಆಲ್ಟ್‌ನಲ್ಲಿ ಚಿತ್ರದಲ್ಲಿ ಏನು ಹೇಗೆ ಇಟ್ಟಿದೆ ಅಂತ ಹೇಳಿದರೆ ಸಾಕು: "ಬಿಳಿ ವಿಸಿಟಿಂಗ್ ಕಾರ್ಡಿನ ಮುಂಬದಿ ಮತ್ತು ನೀಲಿ-ಹಸಿರು ಹಿಂಬದಿ ಅಕ್ಕಪಕ್ಕ, ವೃತ್ತದಿಂದ ಹೊರಟ ತೆಳು ಅಡ್ಡಗೆರೆ ಎರಡರಲ್ಲೂ ಒಂದೇ ಎತ್ತರದಲ್ಲಿದೆ." "ಮಾಕಪ್ ಚಿತ್ರ" ಅಂತ ಶುರು ಮಾಡುವ ಅಗತ್ಯ ಇಲ್ಲ, ಚಿತ್ರ ಅಂತ ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ.

ಕಳಿಸುವ ಮೊದಲು ಕಾರ್ಡಿನಲ್ಲಿರುವ ಹೆಸರನ್ನೂ ಬದಲಿಸಿ. ಈಗ ಅಲ್ಲಿ ಲ್ಯಾಬ್‌ನ ಒಬ್ಬರ ನಿಜವಾದ ಹೆಸರು, ಮೊಬೈಲ್ ನಂಬರ್ ಇದೆ. ಪೋರ್ಟ್‌ಫೋಲಿಯೋದಲ್ಲಿ ಅದು ಇರಬಾರದು. ಮಾದರಿ ಹೆಸರು ಹಾಕುವಾಗ ಮೂರಕ್ಷರದ ಚಂದದ ಹೆಸರು ಬೇಡ. ಉದ್ದನೆಯ ಹೆಸರು, ಎರಡು ಸಾಲಿನ ಹುದ್ದೆ, ಉದ್ದ ಇಮೇಲ್ ಹಾಕಿ ನೋಡಿ. ಗೆರೆಯ ಕೆಳಗೆ ನಿಮಗೆ ಉಳಿದಿರುವುದು ಸುಮಾರು 39 ಮಿ.ಮೀ., ಕೆಳಗಿನ ಅಂಚು ಬಿಟ್ಟರೆ 33. ಅಷ್ಟರಲ್ಲಿ ಎಲ್ಲ ಹಿಡಿಸಿದರೆ ಆ ಉದ್ದ ಹೆಸರಿನ ಕಾರ್ಡನ್ನೇ ಮಾಕಪ್‌ನಲ್ಲಿ ತೋರಿಸಿ. ಹಿಡಿಸದಿದ್ದರೆ ವಿವರಣೆ ಬರೆಯುವುದನ್ನು ನಿಲ್ಲಿಸಿ ಮೊದಲು ಕಾರ್ಡ್ ಸರಿಮಾಡಿ.